ಶಾಲೆ ಹತ್ತಿರ, ದಾರಿ ದೂರ

ಮನೆಯ ಮಹಡಿಯಿಂದ ಶಾಲೆಯ ಕಟ್ಟಡ ಕಾಣುತ್ತದೆ. ನಡುವೆ ರೈಲು ಹಳಿ. ಲೆವೆಲ್ ಕ್ರಾಸಿಂಗ್‌ವರೆಗೆ ಹೋಗಿ, ದಾಟಿ, ಅಷ್ಟೇ ದೂರ ಮರಳಿ ಬಂದರೆ ಶಾಲೆಯ ಗೇಟು. ಒಂದು ಕಿಲೋಮೀಟರಿನೊಳಗೆ ಮನೆ ಇರುವವರಿಗೆ ಮಾತ್ರ ಸೀಟು ಎಂಬ ನಿಯಮವಿದ್ದರೆ ಈ ಮಗು ಒಳಗೋ, ಹೊರಗೋ?

ಉತ್ತರ ಅಳೆಯುವ ರೀತಿಯನ್ನು ಅವಲಂಬಿಸಿದೆ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 11ನೇ ಕಲಮಿನ ಪ್ರಕಾರ, ಬೇರೆ ಉದ್ದೇಶ ಕಾಣದಿದ್ದರೆ ಕೇಂದ್ರ ಕಾಯ್ದೆಗಳಲ್ಲಿ ಬರುವ ದೂರವನ್ನು ಸಮತಲದ ಮೇಲೆ ಸರಳರೇಖೆಯಲ್ಲೇ ಅಳೆಯಬೇಕು. ಆದರೆ ಶಿಕ್ಷಣ ಹಕ್ಕು ಕಾಯ್ದೆಯಡಿ 2010ರಲ್ಲಿ ಬಂದ ಕೇಂದ್ರ ನಿಯಮಗಳು ಒಂದರಿಂದ ಐದನೇ ತರಗತಿಗೆ 1 ಕಿ.ಮೀ., ಆರರಿಂದ ಎಂಟಕ್ಕೆ 3 ಕಿ.ಮೀ. 'ನಡೆಯುವ ದೂರ'ದೊಳಗೆ ಶಾಲೆ ಇರಬೇಕು ಎನ್ನುತ್ತವೆ. ಹಳಿಯ ಮೇಲೆ, ಕೆರೆಯ ಮೇಲೆ ಯಾರೂ ನಡೆದು ಹೋಗುವುದಿಲ್ಲವಾದ್ದರಿಂದ, ಇಲ್ಲಿ ಸರಳರೇಖೆ ಸಲ್ಲದೆಂದು ವಾದಿಸಲು ಆ ಮಾತೇ ಆಧಾರ.

ಕರ್ನಾಟಕದಲ್ಲಿ ಆರ್‌ಟಿಇ ಸೀಟಿಗೆ ನಗರದಲ್ಲಿ ವಾರ್ಡನ್ನು, ಹಳ್ಳಿಯಲ್ಲಿ ಗ್ರಾಮವನ್ನು ನೆರೆಹೊರೆಯೆಂದು ಹಿಡಿಯುತ್ತಾ ಬಂದಿರುವುದರಿಂದ ಈ ತಕರಾರು ನಮಗೆ ಅಷ್ಟು ಪರಿಚಿತವಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ ಪಾಲಕರು ಅರ್ಜಿ ತುಂಬುವಾಗ ನಕ್ಷೆಯ ಮೇಲೆ ಮನೆಯನ್ನು ಗುರುತಿಸಬೇಕು. ಅಲ್ಲಿಂದ ಶಾಲೆಗಿರುವ ದೂರವನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಇಂಗ್ಲೆಂಡಿನಲ್ಲಂತೂ ಎರಡೂ ಅಳತೆ ಚಾಲ್ತಿಯಲ್ಲಿವೆ. ಪ್ರವೇಶಕ್ಕೆ ಅನೇಕ ಕಡೆ ಸರಳರೇಖೆ. ಉಚಿತ ವಾಹನ ಸೌಲಭ್ಯಕ್ಕೆ ಮಾತ್ರ ಮಗು ನಡೆದು ಹೋಗಬಹುದಾದ ಅತಿ ಹತ್ತಿರದ ದಾರಿ.

ನಮ್ಮ ಮಗುವಿನ ಲೆಕ್ಕವನ್ನೇ ಮಾಡೋಣ. ಬೆಂಗಳೂರಿನ ಆಸುಪಾಸಿನಲ್ಲಿ ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 110.6 ಕಿ.ಮೀ., ರೇಖಾಂಶದ ಒಂದು ಡಿಗ್ರಿಗೆ ಸುಮಾರು 108.5 ಕಿ.ಮೀ. ಮನೆಗೂ ಶಾಲೆಗೂ ಅಕ್ಷಾಂಶದಲ್ಲಿ 0.005, ರೇಖಾಂಶದಲ್ಲಿ 0.006 ಡಿಗ್ರಿ ವ್ಯತ್ಯಾಸವಿದೆ ಎಂದುಕೊಳ್ಳಿ. ಉತ್ತರ–ದಕ್ಷಿಣಕ್ಕೆ 553 ಮೀಟರ್, ಪೂರ್ವ–ಪಶ್ಚಿಮಕ್ಕೆ 651 ಮೀಟರ್ ಆಯಿತು. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 854 ಮೀಟರ್. ಮಗು ಒಳಗೆ. ಲೆವೆಲ್ ಕ್ರಾಸಿಂಗ್ ದಾರಿಯಲ್ಲಿ ಅಳೆದರೆ 1,650 ಮೀಟರ್. ಮಗು ಹೊರಗೆ.

ದಾರಿಯ ದೂರವನ್ನು ಕಂಪ್ಯೂಟರ್ ಕಂಡುಹಿಡಿಯುವುದು ರಸ್ತೆಗಳ ಜಾಲದಿಂದ. ಪ್ರತಿ ಕೂಡುರಸ್ತೆ ಒಂದು ಬಿಂದು, ಎರಡು ಬಿಂದುಗಳ ನಡುವಿನ ರಸ್ತೆ ಒಂದು ಕೊಂಡಿ, ಕೊಂಡಿಯ ಉದ್ದ ಮೀಟರಿನಲ್ಲಿ. ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನದಂತೆ, ಮನೆಯಿಂದ ಹೊರಟು ಪ್ರತಿ ಸಲವೂ ಈವರೆಗೆ ಅತಿ ಕಡಿಮೆ ದೂರದಲ್ಲಿ ಸಿಕ್ಕ ಬಿಂದುವಿನಿಂದ ಮುಂದುವರಿಯುತ್ತಾ ಹೋದರೆ ಶಾಲೆಗೆ ಅತಿ ಹತ್ತಿರದ ದಾರಿ ಸಿಗುತ್ತದೆ. ಸಾವಿರಾರು ಅರ್ಜಿಗಳಿಗೂ ಹೀಗೆ ದಾರಿ ಹುಡುಕಬೇಕಾಗಿಲ್ಲ. ಯಾವ ದಾರಿಯೂ ಸರಳರೇಖೆಗಿಂತ ಚಿಕ್ಕದಿರಲಾರದು. ಹಾಗಾಗಿ ಸರಳರೇಖೆಯಲ್ಲೇ 1 ಕಿ.ಮೀ. ಮೀರಿದ ಮನೆಗಳನ್ನು ಮೊದಲೇ ಕೈಬಿಟ್ಟು, ಉಳಿದವನ್ನಷ್ಟೇ ದಾರಿಯಲ್ಲಿ ಅಳೆದರೆ ಸಾಕು.

ತಪ್ಪುಗಳು ನುಸುಳುವುದು ನಕ್ಷೆಯ ಮೂಲಕ. ನಮ್ಮ ಮಗುವಿನ ಓಣಿಯ ಕೊನೆಯಲ್ಲಿ ಹಳಿಯ ಅಡಿಯಿಂದ ಜನ ನಡೆದಾಡುವ ಕಿರು ಅಂಡರ್‌ಪಾಸ್ ಇದೆ, ಅದು ನಕ್ಷೆಗೆ ಸೇರಿಲ್ಲ ಎಂದುಕೊಳ್ಳಿ. ಸೇರಿಸಿ ಅಳೆದರೆ ದಾರಿ 960 ಮೀಟರಿಗೆ ಇಳಿದು ಮಗು ಮತ್ತೆ ಒಳಗೆ ಬರುತ್ತದೆ. ವಾಹನದ ದಾರಿ ಆರಿಸಿದರೂ ಇಂಥದೇ ಎಡವಟ್ಟು: ಒನ್‌ವೇ ಕಾರಣಕ್ಕೆ ಕಾರು ಸುತ್ತಬಹುದು, ಮಗು ಸುತ್ತಬೇಕಿಲ್ಲ. ಮೂರನೆಯದು ಕಣ್ಣಿಗೆ ಬೀಳದ ತಪ್ಪು. ಶಾಲೆಯ ಗುರುತು ಆವರಣದ ನಡುವೆ ಇದ್ದರೆ ಕಂಪ್ಯೂಟರ್ ಅದನ್ನು ಅತಿ ಹತ್ತಿರದ ರಸ್ತೆಗೆ ಜೋಡಿಸಿಕೊಳ್ಳುತ್ತದೆ. ಅದು ಕಾಂಪೌಂಡ್ ಗೋಡೆಯಾಚೆಯ ಹಿಂದಿನ ರಸ್ತೆಯಾಗಿದ್ದರೆ ಗೇಟಿಲ್ಲದ ಕಡೆಗೇ ದೂರ ಅಳೆದಂತಾಯಿತು.

ಇವನ್ನು ಹಿಡಿಯುವುದು ಕಷ್ಟವಲ್ಲ. ದಾರಿಯ ದೂರ ಸರಳರೇಖೆಗಿಂತ ಕಡಿಮೆ ಬಂದರೆ ಗುರುತು ತಪ್ಪು ರಸ್ತೆಗೆ ಅಂಟಿರುವ ಸಾಧ್ಯತೆ ಹೆಚ್ಚು. ಎರಡು ಪಟ್ಟಿನ ಹತ್ತಿರಕ್ಕೆ ಬಂದರೆ ನಡುವೆ ಹಳಿಯೋ ರಾಜಕಾಲುವೆಯೋ ಇರಬೇಕು, ಇಲ್ಲವೇ ಕಾಲುದಾರಿಯೊಂದು ನಕ್ಷೆಯಲ್ಲಿ ತಪ್ಪಿಹೋಗಿರಬೇಕು. ಅಂಥ ಅರ್ಜಿಗಳನ್ನು ಸಿಬ್ಬಂದಿಯೊಬ್ಬರು ನಕ್ಷೆ ತೆರೆದು ನೋಡಲೇಬೇಕು.

ಸರಳರೇಖೆಗೆ ಒಂದು ಅನುಕೂಲವಿದೆ: ಅದು ಬದಲಾಗುವುದಿಲ್ಲ. ದಾರಿಯಾದರೋ ಯಾರೋ ಗೇಟಿಗೆ ಬೀಗ ಹಾಕಿದರೆ ಉದ್ದವಾಗುತ್ತದೆ, ಮೇಲ್ಸೇತುವೆ ಬಂದರೆ ಮೊಟಕಾಗುತ್ತದೆ. ಆದ್ದರಿಂದ ದಾರಿಯಲ್ಲಿ ಅಳೆಯುವ ಇಲಾಖೆ, ಮನೆಯ ಯಾವ ಬಾಗಿಲಿಂದ ಶಾಲೆಯ ಯಾವ ಗೇಟಿಗೆ, ಯಾವ ದಿನಾಂಕದ ನಕ್ಷೆಯಲ್ಲಿ ಎಂಬುದನ್ನು ಅರ್ಜಿ ಕರೆಯುವ ಮೊದಲೇ ಪ್ರಕಟಿಸಬೇಕು. ಅರ್ಜಿ ತಿರಸ್ಕಾರವಾದ ಪಾಲಕರು 1,650 ಎಂಬ ಅಂಕಿಯೊಂದನ್ನೇ ಪಡೆದು ಸುಮ್ಮನಾಗಬಾರದು. ಅಳೆದ ದಾರಿಯನ್ನು ನಕ್ಷೆಯ ಮೇಲೆ ತೋರಿಸಿ ಎಂದು ಕೇಳಬೇಕು. ಅಂಡರ್‌ಪಾಸ್ ಬಿಟ್ಟುಹೋಗಿರುವುದು ಅಂಕಿಯಲ್ಲಿ ಕಾಣದು, ಗೆರೆಯಲ್ಲಿ ಕಾಣುತ್ತದೆ.