ಸೋಮವಾರದ ಮೇಲ್ ಭಾನುವಾರವೇ ತಲುಪಿದರೆ?

ಶುಕ್ರವಾರ ಸಂಜೆ ವೈಟ್‌ಫೀಲ್ಡಿನ ಎಂಜಿನಿಯರ್ ಒಬ್ಬರು ಕ್ಯಾಲಿಫೋರ್ನಿಯಾದ ಮ್ಯಾನೇಜರ್‌ಗೆ ವರದಿ ಬರೆದು ಮುಗಿಸುತ್ತಾರೆ. ವಾರಾಂತ್ಯದಲ್ಲಿ ಅವರಿಗೆ ತೊಂದರೆ ಕೊಡುವುದು ಬೇಡವೆಂದು, ಜಿಮೇಲ್ ಆ್ಯಪ್ ತಾನಾಗಿ ಸೂಚಿಸುವ ‘ಸೋಮವಾರ ಬೆಳಿಗ್ಗೆ 8’ ಆಯ್ಕೆಯನ್ನು ಒತ್ತಿ ಮನೆಗೆ ಹೊರಡುತ್ತಾರೆ. ಆದರೆ ಮೇಲ್ ತಲುಪುವುದು ಭಾನುವಾರ ಸಂಜೆ ಏಳೂವರೆಗೆ, ಮ್ಯಾನೇಜರ್ ಮನೆಯವರೊಂದಿಗೆ ಊಟಕ್ಕೆ ಕೂರುವ ಹೊತ್ತಿಗೆ! ಚಳಿಗಾಲವಾದರೆ ಆರೂವರೆಗೇ.

ಇದು ಆ್ಯಪ್‌ನ ದೋಷವಲ್ಲ. ಅದು ನೋಡುವುದು ಕಳಿಸುವವರ ಗಡಿಯಾರವನ್ನು. ಮೇಲ್ ಯಾರಿಗೆ ಹೋಗುತ್ತಿದೆ ಎಂಬುದು ಅದಕ್ಕೆ ತಿಳಿದರೂ ಆ ವ್ಯಕ್ತಿ ಯಾವ ದೇಶದಲ್ಲಿ ಕೂತಿದ್ದಾರೆ ಎಂಬುದು ತಿಳಿಯದು. ಅಲ್ಲಿಯ ಹೊತ್ತನ್ನು ಭಾರತದ ಹೊತ್ತಿಗೆ ಪರಿವರ್ತಿಸುವ ಲೆಕ್ಕ ನಮ್ಮದೇ.

ಮೇಲನ್ನು ಹೇಳಿದ ಹೊತ್ತಿಗೆ ಕಳಿಸುವ ಈ ಸೌಲಭ್ಯ ಜಿಮೇಲ್‌ಗೆ ಬಂದದ್ದು 2019ರ ಏಪ್ರಿಲ್‌ನಲ್ಲಿ. ಮೇಲ್ ಬರೆದಾದ ಮೇಲೆ ಕಳಿಸುವ ಬಾಣವನ್ನು ಒತ್ತದೆ, ಮೇಲಿನ ಮೂಲೆಯ ಮೂರು ಚುಕ್ಕಿ ಒತ್ತಿ Schedule send ಆರಿಸಬೇಕು. ಸಿದ್ಧ ಸಮಯಗಳನ್ನು ಬಿಟ್ಟು Pick date & time ತೆರೆದು ದಿನಾಂಕ, ಗಂಟೆ ಕೊಡಬೇಕು. ಐಫೋನಿನ ಮೇಲ್ ಆ್ಯಪ್‌ನಲ್ಲಿ ಇದು 2022ರ ಐಓಎಸ್ 16ರಿಂದ ಇದೆ. ಅಲ್ಲಿ ಬಾಣವನ್ನೇ ಒತ್ತಿ ಹಿಡಿದರೆ Send Later ಕಾಣುತ್ತದೆ.

ಲೆಕ್ಕ ಎಲ್ಲಿ ಕೈಕೊಡುತ್ತದೆ ಎಂದು ತಿಳಿಯಲು ಪೀಣ್ಯದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಸಿಎನ್‌ಸಿ ಯಂತ್ರದಲ್ಲಿ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೊಂದು ಜರ್ಮನಿಯ ಸ್ಟುಟ್‌ಗಾರ್ಟ್‌ನ ಗಿರಾಕಿಗೆ ಕೊಟೇಶನ್ ಕಳಿಸಬೇಕಿದೆ. ದಿನ ಶನಿವಾರ, 2026ರ ಮಾರ್ಚ್ 28. ಪೀಣ್ಯದಲ್ಲಿ ಯಂತ್ರ ಓಡುತ್ತಿದ್ದರೂ ಅಲ್ಲಿ ಆಫೀಸಿಗೆ ರಜೆ. ಸೋಮವಾರ ಬೆಳಿಗ್ಗೆ 9ಕ್ಕೆ ಗಿರಾಕಿಯ ಖರೀದಿ ವಿಭಾಗ ದರಗಳನ್ನು ಹೋಲಿಸಲು ಸಭೆ ಸೇರುತ್ತದೆ. ಎಂಟೂವರೆಗೆ ಮೇಲ್ ತಲುಪಿದರೆ ರಾತ್ರಿಯಿಡೀ ಬಂದ ಮೇಲ್‌ಗಳ ಮೇಲೆ ಕೊಟೇಶನ್ ಕಣ್ಣಿಗೆ ಬೀಳುತ್ತದೆ.

ಆ ಶನಿವಾರ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದಿದೆ. ಅಲ್ಲಿಯ ಎಂಟೂವರೆ ಅಂದರೆ ನಮ್ಮ ಮಧ್ಯಾಹ್ನ ಒಂದು ಗಂಟೆ ಎಂದು ಲೆಕ್ಕ ಹಾಕಿ, ಸೋಮವಾರ 1:00ಕ್ಕೆ ಇಟ್ಟರೆ ಎಲ್ಲ ಸರಿಯಾದಂತೆ ತೋರುತ್ತದೆ. ಆದರೆ ಯುರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. 29ರ ನಸುಕಿನಿಂದ ಅಂತರ ಮೂರೂವರೆ ಗಂಟೆಗೆ ಇಳಿದಿರುತ್ತದೆ. ಮೇಲ್ ಅಲ್ಲಿ ಒಂಬತ್ತೂವರೆಗೆ ಬೀಳುತ್ತದೆ, ಸಭೆ ಶುರುವಾಗಿ ಅರ್ಧ ಗಂಟೆಯ ಮೇಲೆ. ಇಡಬೇಕಾಗಿದ್ದದ್ದು ಮಧ್ಯಾಹ್ನ 12ಕ್ಕೆ.

ನಮ್ಮಲ್ಲಿ ಗಡಿಯಾರ ಬದಲಿಸುವ ಪದ್ಧತಿ ಇಲ್ಲದ್ದರಿಂದ ಇದು ಸುಲಭವಾಗಿ ಮರೆತುಹೋಗುತ್ತದೆ. ಅಮೆರಿಕದ ದಿನಾಂಕಗಳೂ ಬೇರೆ: ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ. ಯುರೋಪಿನಲ್ಲಿ ಹಿಂದಿಡುವುದು ಅಕ್ಟೋಬರ್‌ನ ಕೊನೆಯ ಭಾನುವಾರ. ಹಾಗಾಗಿ ಈ ದಿನಾಂಕಗಳ ಆಸುಪಾಸಿನಲ್ಲಿ ಇವತ್ತಿನ ಅಂತರವನ್ನು ನಂಬಬಾರದು. ಮೇಲ್ ತಲುಪುವ ದಿನದ ಅಂತರವನ್ನೇ ಹುಡುಕಬೇಕು.

ಸಮಯ ಕೊಟ್ಟ ಮೇಲೆ ಮೆನುವಿನ Scheduled ಕಡತದಲ್ಲಿ ಒಮ್ಮೆ ಇಣುಕಿ ನೋಡುವುದು ಒಳ್ಳೆಯದು. ನೆಟ್ ಇಲ್ಲದೆ ಒತ್ತಿದ ಸೂಚನೆ ಗೂಗಲ್‌ನ ಸರ್ವರ್ ಮುಟ್ಟಿರುವುದಿಲ್ಲ. ಕಂಪ್ಯೂಟರಿನ ಜಿಮೇಲ್‌ನಲ್ಲೂ ಅದೇ ಮೇಲ್ ಕಂಡರೆ ಮುಟ್ಟಿದೆ ಎಂದರ್ಥ. ಅಲ್ಲಿಂದಾಚೆ ಫೋನ್ ಸ್ವಿಚ್ ಆಫ್ ಆದರೂ ಚಿಂತೆಯಿಲ್ಲ. ಐಫೋನಿನ ಸ್ವಂತ ಆ್ಯಪ್‌ನಲ್ಲಾದರೆ ಆ ಹೊತ್ತಿಗೆ ಫೋನ್ ಆನ್ ಇದ್ದು ನೆಟ್ ಸಿಗುವಂತೆ ನೋಡಿಕೊಳ್ಳುವುದು ಕ್ಷೇಮ. ಹೇಗಿದ್ದರೂ ನಿಮಿಷಕ್ಕೆ ಸರಿಯಾಗಿ ಹೋಗುತ್ತದೆಂದು ನಂಬಬೇಡಿ. ಒಂದೆರಡು ನಿಮಿಷ ಆಚೀಚೆ ಆಗಬಹುದು.

ಇನ್ನೊಂದು ಎಡವಟ್ಟು, ಕಾಯುವ ಅವಧಿಯಲ್ಲಿ ಆಗುವಂಥದ್ದು. ಭಾನುವಾರ ರಾತ್ರಿ ಗಿರಾಕಿಯೇ ‘ಡ್ರಾಯಿಂಗ್ ಬದಲಾಗಿದೆ, ಹೊಸದರ ಮೇಲೆ ದರ ಕೊಡಿ’ ಎಂದು ಬರೆದರೂ ಹಳೆಯ ಕೊಟೇಶನ್ ನಿಲ್ಲುವುದಿಲ್ಲ. ಹೊತ್ತಿಗೆ ಹೊರಟೇ ಹೋಗುತ್ತದೆ. ಅದನ್ನು ತೆರೆದು Cancel send ಒತ್ತಿದರೆ ಕರಡಾಗಿ ಹಿಂದಿರುಗುತ್ತದೆ. ತಿದ್ದಿದ ಮೇಲೆ ಸಮಯವನ್ನು ಮತ್ತೆ ಕೊಡಬೇಕು, ಹಳೆಯ ಸಮಯ ತಾನಾಗಿ ಉಳಿಯದು.

ಈ ಸೌಲಭ್ಯಕ್ಕೂ ಮಿತಿಯಿದೆ. ಒಂದು ಮೇಲ್‌ಗೆ ಇರುವುದು ಒಂದೇ ಸಮಯ. ಎಲೆಕ್ಟ್ರಾನಿಕ್ ಸಿಟಿಯ ತಂಡವೊಂದು ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಬೆಳಿಗ್ಗೆ ಒಂಬತ್ತಕ್ಕೆ ಹೊಂದಿಸಿದರೆ, ಸಿಸಿಯಲ್ಲಿರುವ ಬೆಂಗಳೂರಿನ ಸಹೋದ್ಯೋಗಿಗೆ ಅದು ರಾತ್ರಿ ಒಂಬತ್ತೂವರೆಗೆ ಬರುತ್ತದೆ. ಅಂಥ ಕಡೆ ಒಂದೇ ಮೇಲನ್ನು ಎರಡಾಗಿ ಮಾಡಿ, ಅಲ್ಲಿಯವರಿಗೆ ಒಂದು ಹೊತ್ತು, ಇಲ್ಲಿಯವರಿಗೆ ಇನ್ನೊಂದು ಹೊತ್ತು ಇಡುವುದೇ ದಾರಿ.