ಪರ್ಸ್ ಮರಳಿಸಿದವರಿಗೊಂದು ಚೀಟಿ

ಕಳೆದ ಪರ್ಸನ್ನು ತಲುಪಿಸಿದ ಅಪರಿಚಿತರಿಗೆ ಬರೆಯುವ ಚೀಟಿ ಐದಾರು ಸಾಲು ಮೀರಬೇಕಿಲ್ಲ. ಆದರೆ ಅದಕ್ಕೂ ಮುನ್ನ ಲೆಕ್ಕ ಚುಕ್ತಾ ಆಗಬೇಕು. 1872ರ ಭಾರತೀಯ ಕರಾರು ಕಾಯ್ದೆಯ 168ನೇ ಕಲಮಿನ ಪ್ರಕಾರ, ವಸ್ತು ಸಿಕ್ಕವರು ತಮ್ಮ ಶ್ರಮ ಮತ್ತು ಖರ್ಚಿನ ಹಣ ಬರುವ ತನಕ ಅದನ್ನು ಇಟ್ಟುಕೊಳ್ಳಬಹುದು. ಅದಕ್ಕಾಗಿ ದಾವೆ ಹೂಡುವಂತಿಲ್ಲ. ಮಾಲೀಕರು ಇಂತಿಷ್ಟು ಬಹುಮಾನ ಎಂದು ಮೊದಲೇ ಸಾರಿದ್ದರೆ ಮಾತ್ರ ಆ ಮೊತ್ತಕ್ಕೆ ದಾವೆ ಹೂಡಬಹುದು. ಅಂದರೆ ಸಾರಿದ ಬಹುಮಾನ ತೀರಿಸಬೇಕಾದ ಬಾಕಿ, ಕಾಣಿಕೆಯಲ್ಲ. ಅಂಚೆ ಖರ್ಚೂ ಹಾಗೆಯೇ.

ಹಾಸನದ ಬಸ್ ನಿಲ್ದಾಣದಲ್ಲಿ ಬಿದ್ದ ಪರ್ಸನ್ನು ಹಣ್ಣಿನ ವ್ಯಾಪಾರಿಯೊಬ್ಬರು ಎತ್ತಿಟ್ಟು, ಡಿಎಲ್ ಮೇಲಿನ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿದ್ದಾರೆ ಎಂದುಕೊಳ್ಳೋಣ. ಒಳಗೆ 850 ರೂಪಾಯಿ, ಡಿಎಲ್, ಒಂದು ಹಳೆಯ ಫೋಟೊ. ಚೀಟಿ ಹೀಗಿರಬಹುದು:

“ನಮಸ್ಕಾರ. ನೀವು ಕಳಿಸಿದ ಪರ್ಸ್ ಗುರುವಾರ ಕೈಸೇರಿತು, ಎಲ್ಲ ಇದ್ದ ಹಾಗೇ ಇದೆ. ಡಿಎಲ್‌ಗಾಗಿ ಆರ್‌ಟಿಒಗೆ ಅಲೆಯುವುದು ತಪ್ಪಿತು. ಅದಕ್ಕಿಂತ ಹೆಚ್ಚಾಗಿ, ನಮ್ಮ ತಂದೆಯವರ ಆ ಫೋಟೊಗೆ ಬೇರೆ ಪ್ರತಿಯೇ ಇರಲಿಲ್ಲ. ಅಂಚೆ ಖರ್ಚನ್ನು ನಿಮ್ಮ ನಂಬರಿಗೆ ಫೋನ್‌ಪೇ ಮಾಡಿದ್ದೇನೆ. ಮನೆಯವರಿಗೆಂದು ಸ್ವಲ್ಪ ಮೈಸೂರು ಪಾಕ್ ಇಟ್ಟಿದ್ದೇನೆ, ಬೇಡ ಎನ್ನಬೇಡಿ.”

‘ಎಲ್ಲ ಇದ್ದ ಹಾಗೇ ಇದೆ’ ಎಂಬುದು ಇಲ್ಲಿನ ಮುಖ್ಯ ಮಾತು. ಏನಾದರೂ ಕಡಿಮೆಯಾಗಿದೆ ಎಂದುಕೊಂಡಾರೇನೋ ಎಂಬ ಅಳುಕು ಪರ್ಸ್ ಕಳಿಸಿದವರಿಗೂ ಇರುತ್ತದೆ. ಅದನ್ನು ಒಂದೇ ಸಲ ಹೇಳಿ ಬಿಡಬೇಕು. ‘ಎಣಿಸಿ ನೋಡಿದೆ, ಸರಿಯಿದೆ’ ಎಂದರೆ ಕೆಲಸ ಕೆಟ್ಟಿತು. ‘ಈ ಕಾಲದಲ್ಲೂ ಇಂಥ ಪ್ರಾಮಾಣಿಕರಿದ್ದಾರೆಯೇ’ ಎಂಬ ಉದ್ಗಾರವೂ ಹೊಗಳಿಕೆಯಂತೆ ಕಂಡರೂ ಕದಿಯುತ್ತಾರೆಂದೇ ಎಣಿಸಿದ್ದಂತೆ ಕೇಳಿಸುತ್ತದೆ. ಬೀದಿಬದಿಯ ವ್ಯಾಪಾರಿಗೆ ಅದು ಇನ್ನಷ್ಟು ಚುಚ್ಚುತ್ತದೆ. ಫೋಟೊದ ವಿಷಯ ಹೇಳಿದರೆ ಸಾಕು, ತಮ್ಮಿಂದ ಏನು ಉಳಿಯಿತು ಎಂಬುದು ಅವರಿಗೆ ತಿಳಿಯುತ್ತದೆ.

ಕಾಣಿಕೆ ನೋಟಾಗಿರದಿದ್ದರೆ ಮೇಲು. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, 40 ದೇಶಗಳಲ್ಲಿ 17,000ಕ್ಕೂ ಹೆಚ್ಚು ಪರ್ಸ್‌ಗಳನ್ನು ಬಳಸಿ ನಡೆಸಿದ ಪ್ರಯೋಗದಲ್ಲಿ, ಹಣವಿಲ್ಲದ ಪರ್ಸಿಗಿಂತ ಹಣವಿದ್ದ ಪರ್ಸೇ ಹೆಚ್ಚು ಮರಳಿ ಬಂತು. ಕಳ್ಳನೆಂದು ತನಗೇ ಅನ್ನಿಸಬಾರದು ಎಂಬುದು ಸಂಶೋಧಕರು ಕೊಟ್ಟ ಒಂದು ಕಾರಣ. ಹಾಗೆ ಮರಳಿಸಿದವರ ಕೈಗೆ 500ರ ನೋಟಿಟ್ಟರೆ ಅದು ಕೂಲಿಯಾಗುತ್ತದೆ. ಕಾಲು ಕಿಲೋ ಸಿಹಿಯೋ, ಕಾಫಿಪುಡಿಯೋ ಹಂಚಿಕೊಳ್ಳುವಂಥದ್ದು, ಬೇಡವೆನ್ನಲು ಕಷ್ಟವಾದದ್ದು. ಅಂಚೆಯಲ್ಲಿ ಹೋಗುವುದಾದರೆ ಹಾಲಿನ ಸಿಹಿ ಬೇಡ, ಹಳಸುತ್ತದೆ.

ಬಸ್ ಕಂಡಕ್ಟರ್ ಅಥವಾ ಪೊಲೀಸರು ಮರಳಿಸಿದ್ದರೆ ಕಾಣಿಕೆಯೇ ಅವರಿಗೆ ತೊಡಕಾಗಬಹುದು. ಆಗ ಚೀಟಿಯ ಒಂದು ಪ್ರತಿ ಡಿಪೊ ಮ್ಯಾನೇಜರಿಗೋ ಠಾಣಾಧಿಕಾರಿಗೋ ಹೋಗಬೇಕು. ದಿನಾಂಕ, ಹೊತ್ತು, ಬಸ್ಸಿನ ನಂಬರು, ಮಾರ್ಗ, ನೌಕರರ ಹೆಸರು ಅದರಲ್ಲಿರಲಿ. ಇಲ್ಲದಿದ್ದರೆ ಆ ಪ್ರಶಂಸೆ ಯಾರ ಕಡತಕ್ಕೆ ಸೇರಬೇಕೆಂದು ಕಚೇರಿಗೆ ತಿಳಿಯುವುದಿಲ್ಲ.