ತರಗತಿಗೆ ಎಷ್ಟು ಟ್ಯೂಬ್‌ಲೈಟ್ ಬೇಕು?

ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲದ ಒಂದು ತರಗತಿ. ಗೋಡೆಗೆ ನಾಲ್ಕು ಟ್ಯೂಬ್‌ಲೈಟ್. ಮೋಡ ಕವಿದ ಮಧ್ಯಾಹ್ನ ಕೊನೆಯ ಬೆಂಚಿನ ಹುಡುಗ ಪುಸ್ತಕವನ್ನು ಮೂಗಿನ ಹತ್ತಿರಕ್ಕೆ ಎಳೆದುಕೊಳ್ಳುತ್ತಾನೆ. ಇಲ್ಲಿಗೆ ನಿಜಕ್ಕೂ ಎಷ್ಟು ದೀಪ ಬೇಕು? ಅದನ್ನು ಹೇಳುವ ಲೆಕ್ಕಕ್ಕೆ ಲೂಮೆನ್ ವಿಧಾನ ಎಂದು ಹೆಸರು.

ದೀಪ ಚೆಲ್ಲುವ ಬೆಳಕಿನ ಅಳತೆ ಲೂಮೆನ್. ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೂಮೆನ್ ಬಿದ್ದರೆ ಅದು ಒಂದು ಲಕ್ಸ್. ತರಗತಿಯ ಡೆಸ್ಕಿನ ಮೇಲೆ ಸರಾಸರಿ 300 ಲಕ್ಸ್ ಇರಲಿ ಎಂದುಕೊಳ್ಳೋಣ. ಕೋಣೆ 48 ಚದರ ಮೀಟರ್. ಅಂದರೆ ಡೆಸ್ಕ್ ಮಟ್ಟಕ್ಕೆ 14,400 ಲೂಮೆನ್ ತಲುಪಬೇಕು. 20 ವ್ಯಾಟಿನ ಎಲ್‌ಇಡಿ ಟ್ಯೂಬು 2000 ಲೂಮೆನ್ ಕೊಡುತ್ತದೆ ಎಂದರೆ ಏಳೆಂಟು ಸಾಕಲ್ಲ ಅನ್ನಿಸುತ್ತದೆ. ಸಾಲದು.

ಹೊರಟ ಬೆಳಕಿನಲ್ಲಿ ಒಂದಷ್ಟನ್ನು ಗೋಡೆ, ಚಾವಣಿ ನುಂಗುತ್ತವೆ. ಡೆಸ್ಕಿಗೆ ತಲುಪುವ ಪಾಲು ಎಷ್ಟೆಂಬುದು ಕೋಣೆಯ ಆಕಾರ ಮತ್ತು ಬಣ್ಣದ ಮೇಲೆ ನಿಂತಿದೆ. ದೀಪ 3 ಮೀಟರ್ ಎತ್ತರದಲ್ಲಿ, ಡೆಸ್ಕ್ 0.75 ಮೀಟರಿನಲ್ಲಿ, ನಡುವಿನ ಅಂತರ 2.25. ಉದ್ದ ಮತ್ತು ಅಗಲದ ಗುಣಲಬ್ಧವನ್ನು, ಅವುಗಳ ಮೊತ್ತವನ್ನು ಈ ಅಂತರದಿಂದ ಗುಣಿಸಿ ಬಂದದ್ದರಿಂದ ಭಾಗಿಸಿದರೆ ಸುಮಾರು 1.5. ಈ ಸಂಖ್ಯೆ ಹಿಡಿದು ದೀಪ ತಯಾರಕರ ಕೋಷ್ಟಕ ನೋಡಬೇಕು. ಬಿಳಿ ಚಾವಣಿ, ತಿಳಿ ಬಣ್ಣದ ಗೋಡೆಗೆ 0.6 ಸಿಕ್ಕಿತೆನ್ನಿ. ಗೋಡೆಗೆ ಗಾಢ ಬಣ್ಣ ಬಳಿದರೆ ಅದು ಇಳಿಯುತ್ತದೆ. ಧೂಳಿಗೂ ದೀಪದ ವಯಸ್ಸಿಗೂ 0.8 ಇಟ್ಟರೆ:

14,400 ÷ (2000 × 0.6 × 0.8) = 15 ಟ್ಯೂಬ್.

ಆದರೆ ಇದು ಬರೀ ಸರಾಸರಿ. 10,000 ಲೂಮೆನ್ನಿನ ಮೂರು ದೊಡ್ಡ ದೀಪ ತೂಗುಹಾಕಿದರೂ ಲೆಕ್ಕ ಸರಿಹೋಗುತ್ತದೆ. ಕೆಳಗೆ ಕುಳಿತವರ ಕಣ್ಣು ಕುಕ್ಕುತ್ತದೆ, ಮೂಲೆಯಲ್ಲಿ ಮಬ್ಬು. ಅದಕ್ಕೇ ಯುರೋಪಿನ ಮಾನದಂಡ ಇನ್ನೆರಡು ಮಿತಿ ಹಾಕಿದೆ: ಅತಿ ಕಡಿಮೆ ಬೆಳಕಿನ ಜಾಗದಲ್ಲೂ ಸರಾಸರಿಯ 0.6 ಪಾಲು ಇರಬೇಕು. ಕಣ್ಣು ಕೋರೈಸುವಿಕೆಯ ಸೂಚ್ಯಂಕ ಯುಜಿಆರ್ 19 ದಾಟಬಾರದು.

ಬರಿ ಟ್ಯೂಬಿನ ಪ್ರಖರತೆ ಈ ಮಿತಿ ದಾಟಿದರೆ ಹಾಲುಬಣ್ಣದ ಮುಚ್ಚಳವಿರುವ ದೀಪ ಬೇಕಾಗುತ್ತದೆ. ಮುಚ್ಚಳ ಸ್ವಲ್ಪ ಬೆಳಕು ತಿಂದು 0.6 ಎನ್ನುವುದು 0.5ಕ್ಕೆ ಇಳಿದರೆ 15 ಟ್ಯೂಬ್ 18 ಆಗುತ್ತದೆ. ಆರಾರರಂತೆ ಮೂರು ಸಾಲು. ಸಾಲುಗಳ ನಡುವೆ 2 ಮೀಟರ್, ಗೋಡೆಯಿಂದ 1 ಮೀಟರ್. ಕಪ್ಪುಹಲಗೆ ಅಗಲದ ಗೋಡೆಯಲ್ಲಿರುವುದರಿಂದ ಟ್ಯೂಬುಗಳು ಕೋಣೆಯ ಉದ್ದಕ್ಕೆ, ಮಕ್ಕಳ ನೋಟದ ದಿಕ್ಕಿಗೇ ಇರಲಿ. ಆಗ ಟ್ಯೂಬಿನ ಉದ್ದ ಕಣ್ಣಿಗೆ ಅಡ್ಡ ಹೊಡೆಯುವುದಿಲ್ಲ.

ಕೆಲಸ ಮುಗಿದ ಮೇಲೆ ಕತ್ತಲಾದಾಗ ಲಕ್ಸ್ ಮೀಟರ್ ಹಿಡಿದು ಡೆಸ್ಕ್ ಡೆಸ್ಕಿಗೂ ಅಳೆಯಿರಿ. ದೀಪ ಹೊಸದಾದ್ದರಿಂದ ಸರಾಸರಿ 375 ಲಕ್ಸ್ ಸಿಗಬೇಕು. ಮೂಲೆಯ ಡೆಸ್ಕಿನಲ್ಲಿ 225ಕ್ಕಿಂತ ಕಡಿಮೆ ಬಂದರೆ ಬಿಲ್ ಪಾಸ್ ಮಾಡಬೇಡಿ.